ಸಮಾಜಮಿತಿ ದಾಖಲೆಯಲ್ಲಿ ನಾವು ಕಾಣದ ಮಗು

ಬೋಧನಾಭ್ಯಾಸದ ಅವಧಿ ಮುಗಿದ ಮೇಲೆ ನಮ್ಮ ಮೇಜಿನ ಮೇಲೆ ರೆಕಾರ್ಡುಗಳ ರಾಶಿ ಬೀಳುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಆಗಿರುವ ನಮ್ಮ ಶೈಕ್ಷಣಿಕ ಜಿಲ್ಲೆಯ ಶಾಲೆಗಳಿಗೆ ಹೋಗಿಬಂದ ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಗಳ ಜೊತೆಗೆ ಒಂದು ಸಮಾಜಮಿತಿ ದಾಖಲೆಯನ್ನೂ ಒಪ್ಪಿಸುತ್ತಾರೆ. ಅದರೊಳಗೆ ಏನಿರುತ್ತದೆಂದು ತೆರೆಯುವ ಮೊದಲೇ ಹೇಳಬಹುದು. 'ನಿನಗೆ ಇಷ್ಟವಾದ ಸ್ನೇಹಿತರು ಯಾರು?' ಎಂಬ ಒಂದು ಪ್ರಶ್ನೆ, ಒಂದು ಕೋಷ್ಟಕ, ಬಣ್ಣದ ಪೆನ್ನಿನಲ್ಲಿ ಬಿಡಿಸಿದ ಒಂದು ನಕ್ಷೆ. ಹೆಚ್ಚು ಬಾಣಗಳು ಬಂದು ಸೇರಿದ ಮಗುವಿಗೆ 'ತಾರೆ' ಎಂದು ಹೆಸರು, ಯಾವ ಬಾಣವೂ ತಲುಪದ ಮಗುವಿಗೆ 'ಏಕಾಂಗಿ' ಎಂದು ಹೆಸರು. ಕೊನೆಗೆ 'ತಾರೆಯನ್ನು ತರಗತಿಯ ನಾಯಕನನ್ನಾಗಿ ಮಾಡಬಹುದು, ಏಕಾಂಗಿಗೆ ಪ್ರೋತ್ಸಾಹ ನೀಡಬೇಕು' ಎಂಬ ಎರಡು ವಾಕ್ಯ. ನಾವು ಸಹಿ ಹಾಕುತ್ತೇವೆ.

ಹಾಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅಂಥ ಒಂದು ದಾಖಲೆಗೆ 'ಉತ್ತಮ' ಎಂದು ಬರೆದುಕೊಟ್ಟು, ಕೆಲವು ವಾರಗಳ ನಂತರ ಅದನ್ನೇ ಮತ್ತೆ ತೆರೆದು ನೋಡಬೇಕಾಗಿ ಬಂದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಾವು ಈ ನಕ್ಷೆಯನ್ನು ಎಣಿಸುತ್ತಿದ್ದೇವೆಯೇ ಹೊರತು ಓದುತ್ತಿಲ್ಲ ಎಂಬುದು ನನ್ನ ವಾದ. ನಾವು ಎಣಿಸುವ ಮಗು ಒಂದು, ತರಗತಿಯನ್ನು ಒಂದಾಗಿ ಹಿಡಿದಿರುವ ಮಗು ಇನ್ನೊಂದು.

ಈ ವಿಧಾನ ಹುಟ್ಟಿದ್ದು ತಾರೆಗಳನ್ನು ಹುಡುಕುವುದಕ್ಕಲ್ಲ. 1932ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬಲ್ಲಿದ್ದ ಬಾಲಕಿಯರ ವಸತಿ ಶಾಲೆಯಿಂದ ಎರಡು ವಾರಗಳೊಳಗೆ 14 ಹುಡುಗಿಯರು ಓಡಿಹೋದರು. ಅಲ್ಲಿ ಕೆಲಸ ಮಾಡುತ್ತಿದ್ದ ಜೇಕಬ್ ಮೊರೆನೊ ಆ ಹುಡುಗಿಯರ ಸ್ವಭಾವದಲ್ಲಿ ಮಾತ್ರ ಕಾರಣ ಹುಡುಕದೆ, ಅವರು ಯಾರ ಜೊತೆ ಹೇಗೆ ಸೇರಿಕೊಂಡಿದ್ದರು ಎಂದು ನಕ್ಷೆ ಬಿಡಿಸಿ ನೋಡಿದರು. ಓಡಿಹೋಗುವ ಯೋಚನೆ ಒಬ್ಬಳಿಂದ ಇನ್ನೊಬ್ಬಳಿಗೆ ಸಾಗಿದ ದಾರಿ ಆ ನಕ್ಷೆಯಲ್ಲಿ ಅವರಿಗೆ ಕಂಡಿತು. 1934ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು. ಅಂದರೆ ಮೊದಲ ದಿನದಿಂದಲೂ ಈ ನಕ್ಷೆಯ ಪ್ರಶ್ನೆ 'ಯಾರು ಹೆಚ್ಚು ಜನಪ್ರಿಯ?' ಎಂಬುದಾಗಿರಲಿಲ್ಲ, 'ಒಬ್ಬರಿಂದ ಇನ್ನೊಬ್ಬರಿಗೆ ಏನು, ಯಾವ ದಾರಿಯಲ್ಲಿ ಸಾಗುತ್ತಿದೆ?' ಎಂಬುದಾಗಿತ್ತು.

ಈಗ ನನ್ನ ಮೇಜಿನ ಮೇಲಿದ್ದ ದಾಖಲೆಗೆ ಬರುತ್ತೇನೆ. ಆಂಧ್ರದ ಗಡಿಗೆ ಹತ್ತಿರದ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ ಅದು. ಶಾಲೆಯನ್ನೂ ಮಕ್ಕಳನ್ನೂ ಗುರುತಿಸಲಾಗದಂತೆ ಬದಲಿಸಿದ್ದೇನೆ. ಕೈಯಲ್ಲೇ ಬಿಡಿಸಿ ನೋಡಲು ಅನುಕೂಲವಾಗಲೆಂದು ಮಕ್ಕಳ ಸಂಖ್ಯೆಯನ್ನು 12ಕ್ಕೆ ಇಳಿಸಿದ್ದೇನೆ. ಶಾಲೆಯಿರುವ ಊರಿನ ಮಕ್ಕಳು ಕೆಲವರು, ಗಡಿಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು ಕೆಲವರು. ಬಸ್ಸಿನ ಮಕ್ಕಳ ಮನೆಮಾತು ತೆಲುಗು. ಪಾವಗಡ ಕಡೆಯ ಶಾಲೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಬಸ್ಸು ತಡವಾದ ದಿನ ಅವರಿಗೆ ಮೊದಲ ಅವಧಿಯ ಗಣಿತ ತಪ್ಪುತ್ತದೆ.

ಈ ಪ್ರಶಿಕ್ಷಣಾರ್ಥಿಯ ಪ್ರಶ್ನೆ ಚೆನ್ನಾಗಿತ್ತು. ಅವರು 'ಇಷ್ಟದ ಸ್ನೇಹಿತರು' ಎಂದು ಕೇಳದೆ, 'ಪಾಠ ತಪ್ಪಿದಾಗ ಯಾರಿಂದ ನೋಟ್ಸ್ ತೆಗೆದುಕೊಳ್ಳುತ್ತೀಯ? ಇಬ್ಬರ ಹೆಸರು ಬರೆ' ಎಂದು ಕೇಳಿದ್ದರು. 'ಇಷ್ಟ' ಎಂದು ಕೇಳಿದರೆ ಮಕ್ಕಳು ಯಾರ ಸ್ನೇಹ ಬೇಕೆಂದು ಆಸೆಪಡುತ್ತಾರೋ ಅವರ ಹೆಸರನ್ನೂ ಬರೆದುಬಿಡುತ್ತಾರೆ. ನಡೆಯುವ ಕೆಲಸವೊಂದನ್ನು ಹೆಸರಿಸಿ ಕೇಳಿದರೆ ಉತ್ತರ ನೆಲದ ಮೇಲೆ ನಿಲ್ಲುತ್ತದೆ. ಹೆಸರುಗಳ ಬದಲು ಹಾಜರಿ ಸಂಖ್ಯೆ ಬರೆಸಿದ್ದೂ ಒಳ್ಳೆಯದಾಯಿತು. ಒಂದೇ ಹೆಸರಿನವರು ಇಬ್ಬರು ಮೂವರಿರುವ ತರಗತಿಯಲ್ಲಿ ಬರೀ ಹೆಸರು ಬರೆಸಿದರೆ ಬಾಣ ಯಾರಿಗೆ ಹೋಗಬೇಕೆಂದು ಆಮೇಲೆ ತಿಳಿಯುವುದಿಲ್ಲ.

ಬಂದ ಉತ್ತರಗಳು ಹೀಗಿದ್ದವು. ಎಡಗಡೆ ಕೇಳಿದ ಮಗು, ಬಲಗಡೆ ಅದು ಬರೆದ ಇಬ್ಬರು.

1 → 2, 3
2 → 1, 4
3 → 2, 5
4 → 2, 6
5 → 2, 4
6 → 5, 8
7 → 8, 9
8 → 7, 9
9 → 7, 6
10 → 7, 11
11 → 10, 9
12 → 1, 2

ಓದುಗರು ಒಂದು ಹಾಳೆ ತೆಗೆದುಕೊಂಡು ಇದನ್ನು ಬಿಡಿಸಿ ನೋಡಬೇಕೆಂದು ಕೋರುತ್ತೇನೆ. ಹನ್ನೆರಡು ಚುಕ್ಕೆ, ಇಪ್ಪತ್ತನಾಲ್ಕು ಬಾಣ. ಚುಕ್ಕೆಗಳನ್ನು ಎಲ್ಲಿ ಬೇಕಾದರೂ ಇಡಬಹುದು, ಹಾಳೆಯ ಮೇಲಿನ ಸ್ಥಾನಕ್ಕೆ ಅರ್ಥವಿಲ್ಲ. ಬಾಣಗಳು ಒಂದನ್ನೊಂದು ಆದಷ್ಟು ಕಡಿಮೆ ದಾಟುವಂತೆ ಚುಕ್ಕೆಗಳನ್ನು ಸರಿಸುತ್ತ ಹೋದರೆ ಗುಂಪುಗಳು ತಾವಾಗಿಯೇ ಬೇರೆಯಾಗುತ್ತವೆ. ಇಲ್ಲಿ ಒಂದು ಕಡೆ 1, 2, 3, 4, 5, 12 ಸೇರುತ್ತಾರೆ. ಅವರು ಊರಿನ ಮಕ್ಕಳು. ಇನ್ನೊಂದು ಕಡೆ 7, 8, 9, 10, 11 ಸೇರುತ್ತಾರೆ. ಅವರು ಬಸ್ಸಿನ ಮಕ್ಕಳು. ಊರಿನವಳೇ ಆದ 6 ನಡುವೆ ಉಳಿಯುತ್ತಾಳೆ.

ಪ್ರಶಿಕ್ಷಣಾರ್ಥಿ ಬಾಣಗಳನ್ನು ಸರಿಯಾಗಿಯೇ ಎಣಿಸಿದ್ದರು. 2ನೆಯವನಿಗೆ ಐದು ಬಾಣ, ಅವನೇ ತಾರೆ. 7 ಮತ್ತು 9ಕ್ಕೆ ಮೂರು ಮೂರು. 12ಕ್ಕೆ ಒಂದೂ ಇಲ್ಲ, ಅವನು ಏಕಾಂಗಿ. 6ಕ್ಕೆ ಎರಡು. 24 ಬಾಣಗಳನ್ನು 12 ಮಕ್ಕಳಿಗೆ ಹಂಚಿದರೆ ಸರಾಸರಿ ಎರಡೇ ಬರುವುದರಿಂದ ಅವಳ ಹೆಸರಿನ ಮುಂದೆ 'ಸಾಮಾನ್ಯ' ಎಂದು ಬರೆದು ಮುಂದೆ ಹೋಗಿದ್ದರು. ನಾನು ಸಹಿ ಹಾಕಿದ್ದು ಆ 'ಸಾಮಾನ್ಯ'ಕ್ಕೆ.

ಕಡಲೆಕಾಯಿ ಕೀಳುವ ಕಾಲ ಬಂತು. 6ನೆಯ ಹುಡುಗಿ ಮನೆಯವರ ಜೊತೆ ಹೊಲಕ್ಕೆ ಹೋಗಿ ಎರಡು ವಾರ ಶಾಲೆಗೆ ಬರಲಿಲ್ಲ. ಅದರ ನಂತರದ ಘಟಕ ಪರೀಕ್ಷೆಯಲ್ಲಿ ಬಸ್ಸಿನ ಮಕ್ಕಳೆಲ್ಲ ಗಣಿತದಲ್ಲಿ ಹಿಂದೆ ಬಿದ್ದರು. ಪ್ರಶಿಕ್ಷಣಾರ್ಥಿ ತಮ್ಮ ದಿನಚರಿಯಲ್ಲಿ 'ದೂರದಿಂದ ಬರುವ ಮಕ್ಕಳಿಗೆ ಆಸಕ್ತಿ ಕಡಿಮೆ' ಎಂದು ಬರೆದರು. ಅದನ್ನು ಓದಿದಾಗ ನಾನು ಹಳೆಯ ನಕ್ಷೆಯನ್ನು ತೆಗೆಸಿದೆ. 'ಆ ಎರಡು ವಾರ ನೋಟ್ಸ್ ಯಾರು ಕೊಟ್ಟರಪ್ಪ?' ಎಂದು ಮಕ್ಕಳನ್ನು ಕೇಳಿದಾಗ 9ನೆಯವನು, 'ಅವಳು ಬಂದಿರ್ಲಿಲ್ಲವಲ್ಲ ಸಾರ್' ಎಂದ. ಅವನ ಮಟ್ಟಿಗೆ ಅದು ಪೂರ್ತಿ ಉತ್ತರವಾಗಿತ್ತು.

ನಕ್ಷೆಯಲ್ಲಿ ಅದು ಆಗಲೇ ಇತ್ತು. 6ರ ಚುಕ್ಕೆಯ ಮೇಲೆ ಬೆರಳಿಟ್ಟು ಮುಚ್ಚಿ, ಅವಳಿಂದ ಹೊರಟ, ಅವಳಿಗೆ ಬಂದ ಬಾಣಗಳನ್ನೆಲ್ಲ ಇಲ್ಲವೆಂದುಕೊಳ್ಳಿ. ನಕ್ಷೆ ಎರಡು ತುಂಡಾಗುತ್ತದೆ, ಒಂದರಲ್ಲಿ ಆರು ಮಕ್ಕಳು, ಇನ್ನೊಂದರಲ್ಲಿ ಐವರು. ಈ ಕಡೆಯ ಯಾವ ಮಗುವಿನಿಂದಲೂ ಆ ಕಡೆಯ ಯಾವ ಮಗುವಿಗೂ ದಾರಿ ಇಲ್ಲ. ಈಗ ತಾರೆಯಾದ 2ನೆಯವನನ್ನು ಮುಚ್ಚಿ ನೋಡಿ. 12ರಿಂದ 1ಕ್ಕೆ, 1ರಿಂದ 3ಕ್ಕೆ, 3ರಿಂದ 5ಕ್ಕೆ, 5ರಿಂದ 6ಕ್ಕೆ ದಾರಿ ಉಳಿದಿದೆ, ನಕ್ಷೆ ತುಂಡಾಗುವುದಿಲ್ಲ. ಉಳಿದವರನ್ನೂ ಒಬ್ಬೊಬ್ಬರಾಗಿ ಮುಚ್ಚಿ ನೋಡಬಹುದು. ಮುಚ್ಚಿದಾಗ ತರಗತಿ ಒಡೆಯುವುದು 6ರಲ್ಲಿ ಮಾತ್ರ.

ಇದನ್ನು ಅಂಕಿಯಲ್ಲಿಯೂ ಹೇಳಬಹುದು. 6 ಬಿಟ್ಟು ಉಳಿದ 11 ಮಕ್ಕಳನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿದರೆ 55 ಜೋಡಿಗಳಾಗುತ್ತವೆ. ಅದರಲ್ಲಿ ಒಬ್ಬರು ಈ ಗುಂಪಿನವರು, ಇನ್ನೊಬ್ಬರು ಆ ಗುಂಪಿನವರು ಇರುವ ಜೋಡಿಗಳು 6 × 5 = 30. ಈ 30 ಜೋಡಿಗಳ ನಡುವೆ ಏನೇ ಸಾಗಬೇಕಾದರೂ 6ನೆಯವಳನ್ನು ದಾಟಿಯೇ ಸಾಗಬೇಕು. 2ನೆಯವನನ್ನು ದಾಟಲೇಬೇಕಾದ ಜೋಡಿ ಒಂದೂ ಇಲ್ಲ. ಎಣಿಕೆಯಲ್ಲಿ ಐದು ಬಾಣದವನು ದೊಡ್ಡವನು, ಎರಡು ಬಾಣದವಳು ಸಾಮಾನ್ಯಳು. ದಾರಿಯ ಲೆಕ್ಕದಲ್ಲಿ ಅದು ತಿರುವುಮುರುವು.

ಬಾಣದ ದಿಕ್ಕನ್ನೂ ಗಮನಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟ. ಬಸ್ಸಿನ ಮಕ್ಕಳಲ್ಲಿ 6ನ್ನು ಕೇಳುವವನು 9 ಒಬ್ಬನೇ. 9ನ್ನು 7, 8, 11 ಕೇಳುತ್ತಾರೆ. 10 ತನ್ನ ನೋಟ್ಸನ್ನು 7 ಅಥವಾ 11ರಿಂದ ಪಡೆಯುತ್ತಾಳೆ. ಅಂದರೆ ಊರಿನ ಮಕ್ಕಳ ಪುಸ್ತಕದಿಂದ 10ರ ಪುಸ್ತಕಕ್ಕೆ ಬರುವಷ್ಟರಲ್ಲಿ ಗಣಿತ ಮೂರು ನಾಲ್ಕು ಕೈ ದಾಟಿರುತ್ತದೆ. 9ನೆಯವನು ಬಾರದ ದಿನವೂ ತೊಂದರೆಯೇ. ಆದರೆ 6ಕ್ಕೆ 8ರ ಪರಿಚಯವೂ ಇರುವುದರಿಂದ ಅಲ್ಲಿ ಬದಲಿ ದಾರಿ ತೆರೆಯುವುದು ಸುಲಭ. 6 ಬಾರದ ದಿನ ಅಂಥ ಬದಲಿ ಇಲ್ಲ.

6ನೆಯವಳೇ ಏಕೆ ಸೇತುವೆಯಾದಳು ಎಂಬುದಕ್ಕೆ ಉತ್ತರ ನಕ್ಷೆಯಲ್ಲಿರುವುದಿಲ್ಲ, ಕೇಳಿ ತಿಳಿಯಬೇಕು. ಅವಳು ಏಳನೇ ತರಗತಿಯವರೆಗೆ ಗಡಿಯ ಹಳ್ಳಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದಿದ್ದಳು. ಆಮೇಲೆ ತಂದೆತಾಯಿಯ ಊರಿಗೆ ಬಂದಳು. ಎರಡೂ ಭಾಷೆ ಬಲ್ಲಳು, ಎರಡೂ ಕಡೆಯ ಮಕ್ಕಳ ಜೊತೆ ಕೂತು ಉಂಡವಳು. ಸೇತುವೆಯಾದ ಮಗು ಬಹುಮಟ್ಟಿಗೆ ಹೀಗೆಯೇ ಸಿಗುತ್ತದೆ. ಜಾಣತನಕ್ಕಿಂತ ಹೆಚ್ಚಾಗಿ ಎರಡು ಕಡೆ ಬಾಳಿದ ಚರಿತ್ರೆ ಅದಕ್ಕಿರುತ್ತದೆ.

ಇದು ಒಂದು ತರಗತಿಯ ಮಾತಾಯಿತು, ಇದರಿಂದ ಏನು ಸಾಬೀತಾಯಿತು ಎಂದು ಕೇಳಬಹುದು. ನಮ್ಮ ರಾಜ್ಯದಲ್ಲಿಯೇ ಇದೇ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಇಟ್ಟುನೋಡಿದ್ದಾರೆ. 2006ರಲ್ಲಿ ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಜನರನ್ನು ಕೇಳಲಾಯಿತು: ಯಾರ ಮನೆಗೆ ಹೋಗಿಬರುತ್ತೀರಿ, ಅಕ್ಕಿ ಸೀಮೆಎಣ್ಣೆ ಸಾಲಕ್ಕೆ ಯಾರ ಬಳಿ ಹೋಗುತ್ತೀರಿ, ಸಲಹೆ ಯಾರನ್ನು ಕೇಳುತ್ತೀರಿ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ? ಆಮೇಲೆ ಅವುಗಳಲ್ಲಿ 43 ಹಳ್ಳಿಗಳಿಗೆ ಕಿರುಸಾಲ ನೀಡುವ ಸಂಸ್ಥೆಯೊಂದು ಬಂತು. ಅದು ಪ್ರತಿ ಊರಿನಲ್ಲೂ ಮೊದಲು ಸುದ್ದಿ ಹೇಳಿದ್ದು ಶಿಕ್ಷಕರು, ಅಂಗಡಿಯವರು, ಸ್ವಸಹಾಯ ಸಂಘದ ಮುಖ್ಯಸ್ಥರು ಇಂಥವರಿಗೆ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡಫ್ಲೊ, ಮ್ಯಾಥ್ಯೂ ಜಾಕ್ಸನ್ 2013ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಸಾಲಕ್ಕೆ ಎಷ್ಟು ಮನೆಯವರು ಸೇರಿದರು ಎಂಬುದನ್ನು ಆ ಮೊದಲಿಗರಿಗೆ ಎಷ್ಟು ಮಂದಿ ಪರಿಚಯ ಎಂಬ ಎಣಿಕೆ ತಿಳಿಸಲಿಲ್ಲ. ಅವರು ಜಾಲದಲ್ಲಿ ಎಂಥ ಜಾಗದಲ್ಲಿದ್ದರು, ಅವರಿಂದ ಹೊರಟ ಮಾತು ಎಷ್ಟು ದೂರ ಸಾಗಬಲ್ಲದು ಎಂಬುದು ತಿಳಿಸಿತು. ಮೊದಲು ಹೇಳಬೇಕಾದವರ ಪಟ್ಟಿಯಲ್ಲಿ ಶಿಕ್ಷಕರಿದ್ದರು ಎಂಬುದನ್ನೂ ಗಮನಿಸಬೇಕು. ಹುದ್ದೆ ಇದ್ದ ಮಾತ್ರಕ್ಕೆ ಮಾತು ಊರೆಲ್ಲ ತಲುಪುವುದಿಲ್ಲ.

ಅದೇ ನಾಲ್ವರು ಮುಂದೆ ಕರ್ನಾಟಕದ 213 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಬಹುಮಾನದ ಸುದ್ದಿಯೊಂದನ್ನು ಕೆಲವು ಊರುಗಳಲ್ಲಿ ಹಿರಿಯರೆನಿಸಿಕೊಂಡವರಿಗೆ, ಕೆಲವು ಊರುಗಳಲ್ಲಿ ಚೀಟಿ ಎತ್ತಿದಂತೆ ಸಿಕ್ಕವರಿಗೆ, ಇನ್ನು ಕೆಲವು ಊರುಗಳಲ್ಲಿ 'ಊರಿಗೆಲ್ಲ ಸುದ್ದಿ ಮುಟ್ಟಬೇಕಾದರೆ ಯಾರಿಗೆ ಹೇಳಬೇಕು?' ಎಂದು ಊರವರನ್ನೇ ಕೇಳಿದಾಗ ಅವರು ಹೆಸರಿಸಿದವರಿಗೆ ತಿಳಿಸಿದರು. ಸುದ್ದಿ ಕೇಳಿ ಫೋನ್ ಮಾಡಿದವರ ಸಂಖ್ಯೆ ಊರವರು ಹೆಸರಿಸಿದವರಿದ್ದ ಹಳ್ಳಿಗಳಲ್ಲಿ ಹೆಚ್ಚಾಗಿತ್ತು. ಜಾಲದ ನಕ್ಷೆ ಬಿಡಿಸದಿದ್ದರೂ ಜಾಲದೊಳಗೆ ಇರುವವರಿಗೆ ದಾರಿಗಳು ಗೊತ್ತಿರುತ್ತವೆ. ಇದು ನಮಗೆ ನೇರವಾಗಿ ಉಪಯೋಗಕ್ಕೆ ಬರುವ ಮಾತು. ನಮ್ಮ ಪ್ರಶ್ನಾವಳಿಗೆ ಇನ್ನೊಂದೇ ಸಾಲು ಸೇರಿಸಿದರೆ ಸಾಕು: 'ನಾಳೆ ಪರೀಕ್ಷೆ ಮುಂದೂಡಲಾಗಿದೆ ಎಂಬ ಸುದ್ದಿ ತರಗತಿಯ ಎಲ್ಲರಿಗೂ ತಲುಪಬೇಕು. ಒಬ್ಬರಿಗೆ ಮಾತ್ರ ಹೇಳಬಹುದಾದರೆ ಯಾರಿಗೆ ಹೇಳಬೇಕು?' ಮಕ್ಕಳು ಕೊಡುವ ಹೆಸರು ತಾರೆಯದೇ ಆಗಿರಬೇಕಿಲ್ಲ.

ನನ್ನ ಸಹೋದ್ಯೋಗಿಗಳು ಒಂದು ಆಕ್ಷೇಪ ಎತ್ತುತ್ತಾರೆ. ಹನ್ನೆರಡು ಚುಕ್ಕೆಯಾದರೆ ಸರಿ, 40 ಮಕ್ಕಳು ಮೂರು ಮೂರು ಹೆಸರು ಬರೆದರೆ 120 ಬಾಣ, ಒಂದೊಂದೇ ಚುಕ್ಕೆ ಮುಚ್ಚಿ ನೋಡುವುದು ಸಾಧ್ಯವೇ? ಎಲ್ಲವನ್ನೂ ಮುಚ್ಚಿ ನೋಡಬೇಕಿಲ್ಲ. ಮೊದಲು ಪ್ರತಿ ಚುಕ್ಕೆಗೂ ಅದು ಬರುವ ಊರು ಅಥವಾ ಬಸ್ಸಿನ ಬಣ್ಣ ಹಾಕಿ. ನಂತರ ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ದಾಟುವ ಬಾಣಗಳನ್ನು ಮಾತ್ರ ದಪ್ಪ ಮಾಡಿ. ನಮ್ಮ ಗ್ರಾಮೀಣ ಶಾಲೆಗಳಲ್ಲಿ ಅಂಥ ಬಾಣಗಳು ಕೆಲವೇ ಇರುತ್ತವೆ. ಆ ಬಾಣಗಳ ತುದಿಗಳಲ್ಲಿರುವ ಮಕ್ಕಳೇ ಸೇತುವೆಯಾಗಿರಬಹುದಾದವರು, ಅವರನ್ನು ಮಾತ್ರ ಮುಚ್ಚಿ ನೋಡಿ. ಊರು, ಬಸ್ಸಿಗೆ ಸಂಬಂಧವಿಲ್ಲದೆ ಗುಂಪುಗಳಾಗಿದ್ದರೆ ಈ ಬಣ್ಣ ನೆರವಾಗುವುದಿಲ್ಲ. ಆಗ ಬಾಣಗಳು ತೋರಿಸುವ ಗುಂಪಿಗೇ ಬಣ್ಣ ಹಾಕಿ ಮುಂದುವರಿಯಬೇಕು.

ಮೋಸಹೋಗುವ ಜಾಗಗಳೂ ಇವೆ. ಮೊದಲನೆಯದು ಸೊನ್ನೆ. 12ನೆಯವನಿಗೆ ಬಾಣ ಬಂದಿಲ್ಲ ನಿಜ, ಆದರೆ ಅವನು 1 ಮತ್ತು 2ನ್ನು ಕೇಳುತ್ತಾನೆ, ಅವರು ಕೊಡುತ್ತಾರೆ. ಅವನು ಆ ವರ್ಷವೇ ಬೇರೆ ಶಾಲೆಯಿಂದ ಬಂದವನು. ಇಬ್ಬರ ಹೆಸರನ್ನು ಮಾತ್ರ ಬರೆಯಿರಿ ಎಂದು ನಾವೇ ಮಿತಿ ಹಾಕಿದಾಗ ಯಾರಿಗಾದರೂ ಸೊನ್ನೆ ಬರುವುದು ಸುಲಭ. ಮೂರನೆಯ ಹೆಸರು ಕೇಳಿದ್ದರೆ ಅವನಿಗೂ ಬಾಣ ಬರುತ್ತಿತ್ತೇನೋ. 'ಏಕಾಂಗಿ' ಎಂದು ಬರೆಯುವ ಮುನ್ನ ಒಂದು ವಾರ ಬಿಸಿಯೂಟದ ಸಾಲಿನಲ್ಲಿ, ಆಟದ ಬಯಲಿನಲ್ಲಿ ಅವನನ್ನು ನೋಡಬೇಕು.

ಎರಡನೆಯದು ಗೈರುಹಾಜರಿ. ಪ್ರಶ್ನೆ ಕೇಳಿದ ದಿನ 6ನೆಯವಳೇ ಬಂದಿರದಿದ್ದರೆ ಅವಳಿಂದ ಹೊರಡುವ ಎರಡು ಬಾಣಗಳು ನಕ್ಷೆಗೆ ಬರುತ್ತಿರಲಿಲ್ಲ. 4 ಮತ್ತು 9 ಅವಳ ಹೆಸರು ಬರೆದಿದ್ದರಿಂದ ಅವಳ ಗುರುತು ಉಳಿಯುತ್ತಿತ್ತು, ಆದರೆ ಕಟ್ಟು ತೆಳ್ಳಗಾಗುತ್ತಿತ್ತು. 9ನೆಯವನೂ ಬಂದಿರದಿದ್ದರೆ? ಬಸ್ಸಿನ ಮಕ್ಕಳು ಪೂರ್ತಿ ಬೇರೆಯೇ ಎಂದು ನಕ್ಷೆ ಹೇಳುತ್ತಿತ್ತು. ಒಬ್ಬಿಬ್ಬರು ತಪ್ಪಿದರೂ ಸುಳ್ಳು ಹೇಳುವ ನಕ್ಷೆ ಇದು. ಆದ್ದರಿಂದ ಬಾರದವರಿಂದ ಮರುದಿನ ಉತ್ತರ ಪಡೆದೇ ಬಿಡಿಸಬೇಕು.

ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ನಕ್ಷೆಯ ಗುಂಪುಗಳು ಕೆಲವು ಕಡೆ ಬಸ್ಸಿಗೆ ಹೊಂದುವುದಿಲ್ಲ, ಕೇರಿಗೆ ಹೊಂದುತ್ತವೆ. ಶಿಕ್ಷಕರಿಗೆ ಅದು ಕಂಡರೆ ಕಾಣಲಿ. ತಟ್ಟೆ ಹಿಡಿದು ಕೂರುವ ಸಾಲಿನಲ್ಲಿ, ಪ್ರಯೋಗಾಲಯದ ಮೇಜಿನಲ್ಲಿ ಅದಕ್ಕೆ ಏನು ಮಾಡಬೇಕೋ ಮಾಡಲಿ. ಆದರೆ ಮಕ್ಕಳ ಹೆಸರಿರುವ ನಕ್ಷೆಯನ್ನು ಗೋಡೆಗೆ ಅಂಟಿಸುವುದು, 'ಯಾರ ಪಕ್ಕ ಕೂರಲು ನಿನಗೆ ಇಷ್ಟವಿಲ್ಲ?' ಎಂದು ಬರೆಸುವುದು, ಜಾತಿಯ ಅಂಕಣ ಮಾಡಿ ರೆಕಾರ್ಡಿಗೆ ಸೇರಿಸುವುದು ಬೇಡ. ಆ ಪ್ರಶ್ನೆ ಕೇಳಿದ ದಿನ ಸಂಜೆಯೇ ಯಾರು ಯಾರ ಹೆಸರು ಬರೆದರೆಂದು ಬಸ್ಸಿನಲ್ಲಿ ಚರ್ಚೆಯಾಗುತ್ತದೆ. ಮಗುವೊಂದು ಅದನ್ನು ಕೇಳಿಸಿಕೊಂಡು ಕೂತಿರುತ್ತದೆ.

ಸೇತುವೆ ಸಿಕ್ಕಿದ ಮೇಲೆ ಏನು ಮಾಡಬೇಕು? ಮೊದಲು ಮನಸ್ಸಿಗೆ ಬರುವುದು 6ನೆಯವಳಿಗೆ ಇನ್ನಷ್ಟು ಜವಾಬ್ದಾರಿ ಕೊಡುವುದು, ಎಲ್ಲ ಸೂಚನೆಯನ್ನೂ ಅವಳ ಕೈಯಲ್ಲೇ ಕಳಿಸುವುದು. ಅದು ತಪ್ಪು ಎಂದು ನನ್ನ ಅಭಿಪ್ರಾಯ. ಆಗ ಅವಳ ಮೇಲಿನ ಭಾರ ಹೆಚ್ಚುತ್ತದೆ, ಅವಳು ಬಾರದ ದಿನ ಕತ್ತಲೆಯೂ ಹೆಚ್ಚುತ್ತದೆ. ಮಾಡಬೇಕಾದದ್ದು ಎರಡನೆಯ ಸೇತುವೆ. ನಾವು ವಿಜ್ಞಾನದ ಪ್ರಯೋಗಗಳಿಗೆ 3 ಮತ್ತು 10ನ್ನು ಒಂದು ಮೇಜಿಗೆ, 5 ಮತ್ತು 8ನ್ನು ಇನ್ನೊಂದು ಮೇಜಿಗೆ ಕೂರಿಸಿದೆವು. ಇವುಗಳಲ್ಲಿ ಒಂದು ಸಂಬಂಧ ಗಟ್ಟಿಯಾದರೂ 6ನ್ನು ಮುಚ್ಚಿದಾಗ ನಕ್ಷೆ ತುಂಡಾಗುವುದಿಲ್ಲ, ಬಿಡಿಸಿಯೇ ನೋಡಬಹುದು. ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ಸಂಬಂಧ ಬೆಳೆಯುತ್ತದೆ ಎಂದಿಲ್ಲ. ಆದ್ದರಿಂದ ಆರು ವಾರ ಬಿಟ್ಟು ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಮತ್ತೆ ಕೇಳಿದೆವು. 3 ಮತ್ತು 10ರ ನಡುವೆ ಏನೂ ಆಗಿರಲಿಲ್ಲ. 8ನೆಯವನು ಮಾತ್ರ ತನ್ನ ಎರಡನೆಯ ಹೆಸರಾಗಿ 5ನ್ನು ಬರೆದಿದ್ದ. ಅದೊಂದೇ ಬಾಣ ಸಾಕಾಯಿತು.

ಹಾಗಾಗಿ ನಮ್ಮ ಸಮಾಜಮಿತಿ ದಾಖಲೆಯ ನಮೂನೆಯಲ್ಲಿ ಒಂದು ಬದಲಾವಣೆ ಆಗಲಿ ಎಂದು ನನ್ನ ಸಲಹೆ. ತಾರೆ, ಏಕಾಂಗಿ ಎಂಬ ಅಂಕಣಗಳ ಪಕ್ಕದಲ್ಲಿ 'ಈ ಮಗು ಎರಡು ವಾರ ಬಾರದಿದ್ದರೆ ಯಾರಿಗೆ ಏನು ತಲುಪುವುದಿಲ್ಲ?' ಎಂಬ ಇನ್ನೊಂದು ಅಂಕಣ ಇರಲಿ. ಅದನ್ನು ತುಂಬಲು ಪ್ರಶಿಕ್ಷಣಾರ್ಥಿ ನಕ್ಷೆಯ ಮೇಲೆ ಬೆರಳಿಟ್ಟು ನೋಡಲೇಬೇಕಾಗುತ್ತದೆ. ಮೇಲ್ವಿಚಾರಕರಾದ ನಾವೂ ಸಹಿ ಹಾಕುವ ಮುನ್ನ ಅದೇ ಬೆರಳನ್ನು ಒಮ್ಮೆ ಇಟ್ಟು ನೋಡೋಣ. ನನ್ನ ಹಳೆಯ 'ಉತ್ತಮ'ವನ್ನು ನಾನು ಹೊಡೆದುಹಾಕಿಲ್ಲ. ಅದರ ಕೆಳಗೆ '6ನ್ನು ನೋಡಿ' ಎಂದು ಬರೆದು ಇಟ್ಟುಕೊಂಡಿದ್ದೇನೆ.